ಎಡಗಾಲಿಗೆ ರಜೆ ಕೊಡಬಹುದಾ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ಕಾರು ಓಡಿಸುವವರ ಎಡಗಾಲಿಗೆ ಬಿಡುವೇ ಇರುವುದಿಲ್ಲ. ಕ್ಲಚ್ ಒತ್ತು, ಫಸ್ಟ್ ಹಾಕು, ಅರ್ಧ ಬಿಡು, ನಾಲ್ಕು ಅಡಿ ಹೋಗು, ಮತ್ತೆ ಒತ್ತು. ಹೊಸಬರಿಗೆ ಮೊಣಕಾಲು ನೋಯುವುದೇ ಆಗ. ಪಕ್ಕದಲ್ಲಿ ಆಟೋಮ್ಯಾಟಿಕ್ ಕಾರಿನವನು ಸುಮ್ನೆ ಕೂತು ಹಾಡು ಕೇಳುತ್ತಿರುತ್ತಾನೆ. ಹೊಟ್ಟೆ ಉರಿಯದೆ ಇರುತ್ತಾ?

ಈ ಅರ್ಧ ಕ್ಲಚ್ಚಿನ ಹಣೆಬರಹಕ್ಕೆ ಒಂದು ಲೆಕ್ಕ ಇದೆ. ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ ಆಕ್ಸಿಲರೇಟರ್ ಮುಟ್ಟದಿದ್ದರೂ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಕಾರು ಗಂಟೆಗೆ 6 ಕಿ.ಮೀ. ಆಸುಪಾಸಿನಲ್ಲಿ ಹೋಗಲೇಬೇಕು. ಬಜಾರು ಹೋಗುವುದು ಅದಕ್ಕಿಂತ ನಿಧಾನ. ಹಾಗಾಗಿ ಕ್ಲಚ್ ಪೂರ್ತಿ ಬಿಡುವ ಹಾಗಿಲ್ಲ, ಬಿಟ್ಟು ಬ್ರೇಕ್ ಹಾಕಿದರೆ ಇಂಜಿನ್ ಆಫ್. ಇಂಜಿನ್ ಒಂದು ವೇಗದಲ್ಲಿ, ಚಕ್ರ ಇನ್ನೊಂದು ವೇಗದಲ್ಲಿ ತಿರುಗುವಾಗ ಆ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟು ಉಜ್ಜಿಕೊಂಡು ತಡೆದುಕೊಳ್ಳುತ್ತದೆ. ಉಜ್ಜಿದ್ದು ಬಿಸಿಯಾಗುತ್ತದೆ, ಸವೆಯುತ್ತದೆ.

ಇದಕ್ಕೆ ಹಳಬರ ಉಪಾಯ ಸರಳ. ಮುಂದಿನ ಕಾರು ಅಲುಗಿದ ಕೂಡಲೇ ಅಲುಗಬೇಡಿ. ಒಂದು ಕಾರಿನಷ್ಟು ಜಾಗ ಆಗಲಿ. ಆಮೇಲೆ ಕ್ಲಚ್ ಪೂರ್ತಿ ಬಿಟ್ಟು ಅಷ್ಟು ದೂರ ಹೋಗಿ, ಒತ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತನ್ನಿ. ಉಪಾಯವೇನೋ ಚೆನ್ನಾಗಿದೆ, ಆದರೆ ನಮ್ಮೂರಲ್ಲಿ ಆ ಜಾಗಕ್ಕೆ ಎರಡು ಸ್ಕೂಟಿ ಮತ್ತು ಒಂದು ದನ ಮೊದಲೇ ಬಂದು ನಿಂತಿರುತ್ತವೆ.

ಹಾಗಾದರೆ ಆಟೋಮ್ಯಾಟಿಕ್ಕೇ ತಗೊಳ್ಳೋಣ ಎಂದು ಹೊರಟಿದ್ದಳು ನಮ್ಮ ಅಣ್ಣನ ಮಗಳು. ಲೈಸೆನ್ಸ್ ಹೊಸದು, ಕೆಲಸ ಊರೊಳಗೆ. ಯಾವ ಆಟೋಮ್ಯಾಟಿಕ್ ಅಂತ ಕೇಳಿದೆ.

“ಅದರಲ್ಲೂ ಬೇರೆ ಬೇರೆ ಇದೆಯಾ ಚಿಕ್ಕಪ್ಪ?”

ಇದೆ. ಕಡಿಮೆ ಬೆಲೆಗೆ ಸಿಗುವುದು ಎ.ಎಂ.ಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶದಲ್ಲಿ ಮನೆಮಾತಾದದ್ದು. ಒಳಗಿರುವುದು ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಎಡಗಾಲಿನ ಬದಲು ಒಂದು ಯಂತ್ರ ಅದನ್ನು ಒತ್ತುತ್ತದೆ, ಬಿಡುತ್ತದೆ. ಪೆಡಲ್ ಇಲ್ಲ ಅಂದಮಾತ್ರಕ್ಕೆ ಕ್ಲಚ್ ಇಲ್ಲ ಅಂತ ಅಲ್ಲ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯದು ಬೇರೆ ಕಥೆ. ಅಲ್ಲಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆ ಇರುತ್ತದೆ. ಒಂದು ಫ್ಯಾನ್ ತಿರುಗಿಸಿ ಎದುರಿಗಿರುವ ಇನ್ನೊಂದು ಫ್ಯಾನನ್ನು ಗಾಳಿಯಿಂದಲೇ ತಿರುಗಿಸಿದ ಹಾಗೆ. ಉಜ್ಜಿ ಸವೆಯುವ ಪ್ಲೇಟಿನ ಮೇಲೆ ಭಾರ ಬೀಳದ ಕಾರಣ ಅದು ತೆವಳುವುದಕ್ಕೆ ಬೇಸರಪಡುವುದಿಲ್ಲ. ಬೆಲೆ ಮಾತ್ರ ಜಾಸ್ತಿ.

ಸಮತಟ್ಟು ರಸ್ತೆಯಲ್ಲಿ ಈ ಎರಡರ ವ್ಯತ್ಯಾಸ ಹೊಸಬರಿಗೆ ಅಷ್ಟಾಗಿ ಗೊತ್ತಾಗಲ್ಲ. ಗೊತ್ತಾಗುವುದು ಏರಿನಲ್ಲಿ. ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಸಾಲು ನಿಂತಿದೆ ಅಂದುಕೊಳ್ಳಿ. ಹಿಂದೆ ಒಂದು ಗೇಣು ದೂರದಲ್ಲಿ ಆಟೋ. ಎ.ಎಂ.ಟಿ.ಯಲ್ಲಿ ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ಹಿಂದಕ್ಕೆ ಜಾರಬಹುದು. ಗಾಬರಿಯಲ್ಲಿ ಹೊಸಬರು ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಕಾರು ಅಲ್ಲಾಡುತ್ತಿಲ್ಲ, ಎಲ್ಲ ಸರಿಯಾಗಿದೆ ಅನಿಸುತ್ತದೆ. ಒಳಗೆ ಕ್ಲಚ್ ಬೇಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಮೂಗಿಗೆ ಬರುತ್ತದೆ. ಇದೇ ಅಭ್ಯಾಸ ಮುಂದುವರಿದರೆ ಒಂದು ದಿನ ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಅದಕ್ಕೆ ತಕ್ಕ ಹಾಗೆ ಎಳೆಯುವುದಿಲ್ಲ. ಅಲ್ಲಿಗೆ ಪ್ಲೇಟು ಹೋಯಿತು ಅಂತಲೇ.

ಮಾಡಬೇಕಾದ್ದು ಇಷ್ಟೇ: ನಿಂತಷ್ಟು ಹೊತ್ತೂ ಬ್ರೇಕಿನ ಮೇಲೇ ನಿಲ್ಲಬೇಕು. ಹೊರಡುವಾಗ ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಎಳೆಯುವುದು ಗೊತ್ತಾದಾಗ ಹ್ಯಾಂಡ್ ಬ್ರೇಕ್ ಬಿಡಬೇಕು. ಮ್ಯಾನ್ಯುಯಲ್ ಕಲಿಸುವವರು ಏರಿನಲ್ಲಿ ಹೇಳಿಕೊಡುವ ಪಾಠವೂ ಇದೇ. ಹಿಲ್ ಹೋಲ್ಡ್ ಇರುವ ಗಾಡಿಯಾದರೆ ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡು ಅದೇ ಹಿಡಿದುಕೊಂಡಿರುತ್ತದೆ. ಹೊಸಬರಿಗೆ ಆ ಒಂದೆರಡು ಸೆಕೆಂಡೇ ದೊಡ್ಡದು. ಸನ್‌ರೂಫ್ ಇಲ್ಲದಿದ್ದರೂ ನಡೆಯುತ್ತೆ, ಇದು ಇರಬೇಕು ಅಂತ ನನ್ನ ಹಟ.

ಎಡಗಾಲಿನ ಬಗ್ಗೆ ಇನ್ನೊಂದು ಮಾತು. ಡ್ರೈವಿಂಗ್ ಸ್ಕೂಲಿನಲ್ಲಿ ಮ್ಯಾನ್ಯುಯಲ್ ಕಲಿತವರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಅದಕ್ಕೆ ಸಿಗುವುದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ಚೆಂದು ಅದನ್ನು ಪೂರ್ತಿ ತುಳಿದರೆ ಓಡುತ್ತಿದ್ದ ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನ ಸೀಟಿನ ಅತ್ತೆ ಮುಂದಿನ ಸೀಟಿಗೆ ಬರುತ್ತಾರೆ. ಮೊದಮೊದಲು ಎಡಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂರುವುದೇ ವಾಸಿ.

ಇಷ್ಟೆಲ್ಲ ಕೇಳಿದ ಮೇಲೂ ಅವಳು ಆಟೋಮ್ಯಾಟಿಕ್ಕೇ ಬೇಕೆಂದಳು. ನಾನೂ ಬೇಡ ಅನ್ನಲಿಲ್ಲ. ದಿನಾ ಬಜಾರಿನಲ್ಲಿ ಓಡಿಸುವ ಹೊಸಬರು ಗೇರಿನ ಚಿಂತೆ ಬಿಟ್ಟು ಕನ್ನಡಿ ನೋಡುವುದು ಒಳ್ಳೆಯದೇ. ಟೆಸ್ಟ್ ಡ್ರೈವಿಗೆ ಶೋರೂಮಿನವರು ಬೈಪಾಸಿನ ಕಡೆ ಕೈ ತೋರಿಸಿದರು. ಇವಳು ಮೇಲ್ಸೇತುವೆ ಕಡೆ ತಿರುಗಿಸಿ, ಏರಿನ ಮಧ್ಯೆ ಗಾಡಿ ನಿಲ್ಲಿಸಿ, “ಈಗ ಬ್ರೇಕ್ ಬಿಡ್ತೀನಿ, ಹಿಲ್ ಹೋಲ್ಡ್ ಇದೆ ಅಂದ್ರಲ್ವಾ?” ಅಂದಳಂತೆ. ಪಕ್ಕದಲ್ಲಿ ಕೂತಿದ್ದ ಹುಡುಗ ಆಗ ಸೀಟ್ ಬೆಲ್ಟ್ ಹಾಕಿಕೊಂಡನಂತೆ.