ವಾರಕ್ಕೆ ಸಾವಿರವೋ, ಒಂದೇ ಸಲ ಆರು ಮುಕ್ಕಾಲು ಲಕ್ಷವೋ

ತಿಪಟೂರಿನಲ್ಲಿ ನಮ್ಮಮ್ಮ ಲಕ್ಷ ರೂಪಾಯಿಯ ಚೀಟಿ ಹಾಕಿದ್ದರು. ಅಕ್ಕನ ಮದುವೆ ಬಂತು ಅಂತ ಎರಡನೇ ತಿಂಗಳಿಗೇ ಕೂಗಿದರು. 22 ಸಾವಿರ ಬಿಟ್ಟು 78 ಸಾವಿರ ಎತ್ತಿಕೊಂಡು ಬಂದರು. ದುಡ್ಡು ಬೇಗ ಕೈಗೆ ಬರಬೇಕಾದರೆ ಎಷ್ಟು ಬಿಡಬಹುದು ಅನ್ನೋದು ಚೀಟಿ ಹಾಕಿದ ಎಲ್ಲರಿಗೂ ಗೊತ್ತು. ಆ ಬಿಡುವ ಮೊತ್ತವನ್ನು ವರ್ಷದ ಬಡ್ಡಿ ದರವಾಗಿ ಹೇಳಿದರೆ ಅದೇ ಡಿಸ್ಕೌಂಟ್ ರೇಟ್.

ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ನಾನಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲಿ 'ಸೆಟ್ ಫಾರ್ ಲೈಫ್' ಅನ್ನುವ ಉಜ್ಜುವ ಟಿಕೆಟ್ ಇದೆ. ದೊಡ್ಡ ಬಹುಮಾನ ಬಂದರೆ 25 ವರ್ಷ ವಾರಕ್ಕೆ 1,000 ಡಾಲರ್ ತಗೊಳ್ಳಬಹುದು, ಇಲ್ಲವೇ ಒಂದೇ ಸಲ 6,75,000 ಡಾಲರ್. ನಮ್ಮ ಕನ್ನಡದ ಗೆಳೆಯರೊಬ್ಬರು ಮೊನ್ನೆ ಆ ಟಿಕೆಟ್ ಉಜ್ಜುತ್ತಾ, "ಬಂದ್ರೆ ಎಲ್ಲಾ ಒಟ್ಟಿಗೆ ತಗೊಂಡು ಊರಲ್ಲಿ ಎಫ್‌ಡಿ ಇಟ್ಬಿಡ್ತೀನಿ" ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಲೆಕ್ಕ ಹಾಕಿ ತೋರಿಸಿದೆ.

ವಾರಕ್ಕೆ ಸಾವಿರ ಅಂದರೆ ವರ್ಷಕ್ಕೆ 52,000, ತಿಂಗಳಿಗೆ ಸುಮಾರು 4,333 ಡಾಲರ್. 300 ತಿಂಗಳಿಗೆ ಒಟ್ಟು 13 ಲಕ್ಷ. ಆದರೆ 13 ಲಕ್ಷವನ್ನು 6.75 ಲಕ್ಷದ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಕೊನೆಯ 4,333 ಬರುವುದು 25 ವರ್ಷ ಆದ ಮೇಲೆ. ಅಷ್ಟೂ ಕಂತುಗಳ ಇವತ್ತಿನ ಬೆಲೆ ಎಷ್ಟು ಅಂತ ಕೇಳಬೇಕು. ಎಕ್ಸೆಲ್‌ನಲ್ಲಿ ಎರಡು ಸಾಲು ಸಾಕು:

```
=PV(0.04/12, 300, -4333.33)
=RATE(300, -4333.33, 675000)*12
```

ಮೊದಲನೆಯದು ವರ್ಷಕ್ಕೆ 4% ಡಿಸ್ಕೌಂಟ್ ರೇಟ್ ಹಿಡಿದರೆ ಸಿಗುವ ಇವತ್ತಿನ ಬೆಲೆ: ಸುಮಾರು 8.21 ಲಕ್ಷ. ದರವನ್ನು 8% ಮಾಡಿದರೆ ಅದೇ ಕಂತುಗಳ ಬೆಲೆ 5.61 ಲಕ್ಷಕ್ಕೆ ಇಳಿಯುತ್ತದೆ. ಅಂದರೆ ಉತ್ತರ ಪೂರ್ತಿ ದರದ ಮೇಲೇ ನಿಂತಿದೆ. ಎರಡನೇ ಸಾಲು ಎರಡೂ ಸರಿಸಮ ಆಗುವ ದರ ಹೇಳುತ್ತದೆ: 6%ಗೆ ಒಂದು ಕೂದಲೆಳೆ ಕಡಿಮೆ. ಒಟ್ಟಿಗೆ ತಗೊಂಡ ದುಡ್ಡನ್ನು 25 ವರ್ಷ 6%ಗಿಂತ ಜಾಸ್ತಿ ದುಡಿಸಬಲ್ಲಿರಾ? ಅಷ್ಟೇ ಪ್ರಶ್ನೆ.

ಎಡವುವುದು ಇಲ್ಲೇ. ಕೆನಡಾದಲ್ಲಿ ಲಾಟರಿ ದುಡ್ಡಿಗೆ ತೆರಿಗೆ ಇಲ್ಲ, ಆದರೆ ಅದನ್ನು ಹೂಡಿ ಬಂದ ಬಡ್ಡಿಗೆ ಇದೆ. ಹಾಗಾಗಿ 6% ಅನ್ನೋದು ತೆರಿಗೆ ಕಳೆದು ಕೈಗೆ ಉಳಿಯಬೇಕಾದ ದರ. ನಿಮ್ಮ ತೆರಿಗೆ 30% ಆದರೆ ಬಡ್ಡಿಯೇ 8.6% ಸಿಗಬೇಕು. ಅಷ್ಟನ್ನು 25 ವರ್ಷ ಬಿಡದೆ ಯಾವ ಬ್ಯಾಂಕೂ ಕೊಡುವುದಿಲ್ಲ. ಷೇರಿನಲ್ಲಿ ಬರಬಹುದು, ಆದರೆ ಅದನ್ನು ಸರ್ಕಾರಿ ಲಾಟರಿ ನಿಗಮ ಕೊಡುವ ಕಂತಿನಷ್ಟೇ ಖಾತ್ರಿ ಅಂದುಕೊಳ್ಳುವುದು ತಪ್ಪು. ಖಾತ್ರಿ ಕಂತಿಗೆ ಖಾತ್ರಿ ಹೂಡಿಕೆಯ ದರವನ್ನೇ ಹಿಡಿಯಬೇಕು.

ಊರಿನ ಎಫ್‌ಡಿಗೆ 7% ಇದೆಯಲ್ಲ ಅಂದರು ಗೆಳೆಯರು. ಅದು ರೂಪಾಯಿಯ ದರ, ಕಂತು ಬರುವುದು ಡಾಲರಿನಲ್ಲಿ. 2000ರಲ್ಲಿ ಕೆನಡಾ ಡಾಲರಿಗೆ ಸುಮಾರು 30 ರೂಪಾಯಿ ಇತ್ತು, 2024ರಲ್ಲಿ 60 ದಾಟಿತ್ತು. ವರ್ಷಕ್ಕೆ ಹತ್ತಿರ ಹತ್ತಿರ 3% ರೂಪಾಯಿ ಸವೆದಿದೆ. ಮುಂದೆಯೂ ಹೀಗೇ ಆದರೆ ಆ 7%ರಲ್ಲಿ ಡಾಲರ್ ಲೆಕ್ಕದಲ್ಲಿ ಉಳಿಯುವುದು ಸುಮಾರು 4%. ಇಲ್ಲಿ ವಾಸವಿರುವವರು ಊರಿನ ಬಡ್ಡಿಯನ್ನೂ ಇಲ್ಲಿನ ತೆರಿಗೆಗೆ ತೋರಿಸಬೇಕು.

"ಬೆಲೆ ಏರಿದರೆ ಸಾವಿರಕ್ಕೇನು ಬೆಲೆ ಇರುತ್ತೆ?" ಅಂತ ಆಮೇಲೆ ಕೇಳಿದರು. ನಿಜ, ಕಂತು ಏರುವುದಿಲ್ಲ. ವರ್ಷಕ್ಕೆ 2% ಬೆಲೆ ಏರಿದರೆ 25ನೇ ವರ್ಷದ ಸಾವಿರ ಇವತ್ತಿನ 610ಕ್ಕೆ ಸಮ. ಆದರೆ ಬ್ಯಾಂಕಿನ ಬಡ್ಡಿ ದರದೊಳಗೆ ಬೆಲೆ ಏರಿಕೆ ಆಗಲೇ ಸೇರಿದೆ. ಮತ್ತೆ ಕಳೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದ ಹಾಗೆ.

ಸಾಲ ಇದ್ದರೆ? ಮನೆ ಸಾಲ 5%ಗೆ ಇದ್ದರೆ ಅದನ್ನು ತೀರಿಸಿದ ಲಾಭ 5%, ಅಂದರೆ 6%ಗಿಂತ ಕಡಿಮೆಯೇ. ಕ್ರೆಡಿಟ್ ಕಾರ್ಡಿನ ಬಾಕಿಗೆ 20% ಬಡ್ಡಿ, ಅದನ್ನು ಮೊದಲು ತೀರಿಸಲೇಬೇಕು. ಆದರೆ ಬಾಕಿ 20 ಸಾವಿರ ಇದ್ದರೂ ವಾರದ ಕಂತಿನಲ್ಲೇ ಐದು ತಿಂಗಳಲ್ಲಿ ಮುಗಿಯುತ್ತದೆ. ಅದಕ್ಕಾಗಿ ಉಳಿದ 24 ವರ್ಷದ ಕಂತನ್ನು ಯಾಕೆ ಮಾರಬೇಕು?

ಅಮ್ಮನಿಗೆ ಆವತ್ತು ಬೇರೆ ದಾರಿ ಇರಲಿಲ್ಲ. ಛತ್ರಕ್ಕೆ ಮುಂಗಡ ಕಟ್ಟುವ ದಿನ ಹತ್ತಿರ ಬಂದಿತ್ತು. ಅಂಥ ತುರ್ತು ಇಲ್ಲದಿದ್ದರೆ ನಾನಂತೂ ವಾರದ ಸಾವಿರಕ್ಕೇ ಸಹಿ ಹಾಕುತ್ತೇನೆ.