ಮೇಲ್ತುಟಿ ಎತ್ತಿ ನೋಡಿ

ಪುಟ್ಟ ಮಕ್ಕಳ ಹಲ್ಲಿನ ಆರೈಕೆ ಬಗ್ಗೆ ಅಪ್ಪ ಅಮ್ಮಂದಿರಿಗಾಗಿ ಏಳು ಚಿತ್ರಗಳ ಒಂದು ಕ್ಯಾರೊಸೆಲ್ ಮಾಡಿದ್ದೇವೆ. ಬೆರಳಲ್ಲಿ ಸರಿಸುತ್ತಾ ಹೋದರೆ ಒಂದಾದ ಮೇಲೊಂದು ಬರುತ್ತದೆ. ಶಿವಮೊಗ್ಗದಲ್ಲಿ ಮಕ್ಕಳ ಹಲ್ಲು ನೋಡುವ ನಾನು ಬರೆದುಕೊಟ್ಟೆ, ತಂಗಿ ಚಿತ್ರ ಮಾಡಿದಳು. ಮೊದಲನೇ ಚಿತ್ರ ಯಾವುದಿರಬೇಕು ಅನ್ನೋದಕ್ಕೇ ನಮ್ಮಿಬ್ಬರ ನಡುವೆ ಎರಡು ದಿನ ವಾದ ನಡೆಯಿತು. ಅವಳು ಕಣ್ಣು ಮೂಗು ಇರುವ ನಗುವ ಹಲ್ಲೊಂದನ್ನು ಬರೆದು, ಅದರ ಕೆಳಗೆ ‘ದಿನಕ್ಕೆರಡು ಸಲ ಬ್ರಷ್ ಮಾಡಿಸಿ’ ಅಂತ ಹಾಕಿದ್ದಳು. ನಾನು ಒಪ್ಪಲಿಲ್ಲ. ಅಮ್ಮನೊಬ್ಬಳು ಮಗುವಿನ ಮೇಲ್ತುಟಿಯನ್ನು ಬೆರಳಲ್ಲಿ ಎತ್ತಿ ನೋಡುತ್ತಿರುವ ಚಿತ್ರವೇ ಮೊದಲು ಬರಬೇಕು ಅಂತ ಹಟ ಹಿಡಿದೆ. ಆ ಹಟ ಯಾಕೆ ಅನ್ನುವುದು ಚಿತ್ರದ ಕೆಳಗಿನ ಎರಡು ಸಾಲಿನಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯಿಂದ ಒಬ್ಬ ಹುಡುಗನನ್ನು ಕರೆದುಕೊಂಡು ಬಂದಿದ್ದರು. ಎರಡು ವರ್ಷ, ಎರಡು ತಿಂಗಳು. ಜೊತೆಗೆ ಅಮ್ಮ, ಅಜ್ಜಿ. “ಮುಂದಿನ ಹಲ್ಲು ಪುಡಿಪುಡಿ ಆಗ್ತಾ ಇದೆ ಮೇಡಂ” ಅಂದಳು ಅಮ್ಮ. ಅಜ್ಜಿಗೆ ಬರುವ ಮನಸ್ಸೇ ಇರಲಿಲ್ಲವಂತೆ. “ಹಾಲುಹಲ್ಲಲ್ವಾ, ಹೆಂಗೂ ಬಿದ್ದು ಹೋಗ್ತವೆ. ಈ ಮಳೇಲಿ ಎಂತಕ್ಕೆ ಕೂಸನ್ನ ಇಷ್ಟು ದೂರ ಎತ್ಕೊಂಡು ಹೋಗೋದು ಅಂದೆ, ಕೇಳ್ಲಿಲ್ಲ ಇವಳು.”

ತುಟಿ ಎತ್ತಿ ನೋಡಿದೆ. ಮೇಲಿನ ನಡುವಿನ ಎರಡು ಹಲ್ಲುಗಳು ಒಸಡಿನ ಹತ್ತಿರ ಕಂದಾಗಿ, ಮೆತ್ತಗಾಗಿ, ಅಂಚು ಮುರಿದಿದ್ದವು. ಅವುಗಳ ಅಕ್ಕಪಕ್ಕದ ಎರಡರಲ್ಲಿ ಒಸಡನ್ನೇ ಅನುಸರಿಸಿ ಒಂದು ಬಿಳಿ ಗೆರೆ, ಸುಣ್ಣದ ಕಡ್ಡಿಯಲ್ಲಿ ಎಳೆದ ಹಾಗೆ. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಒಂದು ಕಲೆಯೂ ಇಲ್ಲದೆ ಬೆಳ್ಳಗಿದ್ದವು.

ಮೇಲೆ ಹಾಳು, ಕೆಳಗೆ ಚೊಕ್ಕ. ಇದನ್ನು ಕಂಡ ಕೂಡಲೇ ನಾವು ಕೇಳುವುದು ರಾತ್ರಿಯ ವಿಷಯ. ಮಗು ಬಾಟ್ಲಿ ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ, ಅಲ್ಲೇ ನಾಲಿಗೆಯ ಅಡಿಯಲ್ಲಿ ಜೊಲ್ಲು ಒಸರುತ್ತಿರುತ್ತದೆ. ಹಾಗಾಗಿ ಅವು ಉಳಿದುಕೊಳ್ಳುತ್ತವೆ. ಮೇಲಿನ ಹಲ್ಲುಗಳ ಸುತ್ತ ಹಾಲು ನಿಂತುಬಿಡುತ್ತದೆ. ಎಚ್ಚರವಾಗಿದ್ದಾಗ ಜೊಲ್ಲು ಅದನ್ನು ತೊಳೆಯುತ್ತಿರುತ್ತದೆ, ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಬಾಯಿಯೊಳಗಿನ ಬ್ಯಾಕ್ಟೀರಿಯಾಗಳು ಆ ಸಿಹಿಯನ್ನು ತಿಂದು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನೊಳಗಿನ ಸುಣ್ಣದಂಶವನ್ನು ಕರಗಿಸುತ್ತದೆ. ಹಲ್ಲು ತಿನ್ನುವ ಹುಳ ಅಂತ ಬೇರೆ ಯಾವುದೂ ಇಲ್ಲ.

ಕೇಳಿದೆ. ರಾತ್ರಿ ಒಂಬತ್ತಕ್ಕೆ ಒಂದು ಬಾಟ್ಲಿ ಹಾಲು, ಅದಕ್ಕೊಂದು ಚಮಚ ಜೋನಿಬೆಲ್ಲ. ನಡುರಾತ್ರಿ ಕಳೆದ ಮೇಲೆ ಒಂದು ಸಲ ಎದ್ದರೆ ಮತ್ತೊಂದು, ಬೆಳಗಿನ ಜಾವ ಇನ್ನೊಂದು. ಅದರ ಮೇಲೆ ಮಳೆ ಹಿಡಿದಾಗಿಂದ ಬಿಡದ ಶೀತ, ಮಲಗುವ ಮುಂಚೆ ಸಿಹಿಯಾದ ಕೆಮ್ಮಿನ ಸಿರಪ್. “ಸಕ್ಕರೆ ಹಾಕೋದೇ ಇಲ್ಲ ನಾವು, ಮನೆ ಬೆಲ್ಲ” ಅಂದರು ಅಜ್ಜಿ. ಅವರ ಮಾತಿನಲ್ಲಿ ಮೊಮ್ಮಗನ ಮೇಲಿನ ಪ್ರೀತಿ ಬಿಟ್ಟು ಇನ್ನೇನೂ ಇರಲಿಲ್ಲ. ಆದರೆ ಬ್ಯಾಕ್ಟೀರಿಯಾಕ್ಕೆ ಬೆಲ್ಲ, ಜೇನು, ಸಕ್ಕರೆ ಎಲ್ಲ ಒಂದೇ. ಏನೂ ಬೆರೆಸದ ಹಾಲಿನಲ್ಲೂ ತನ್ನದೇ ಸಕ್ಕರೆ ಅಂಶ ಇರುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದಲ್ಲ. ಆ ಅಮ್ಮ ಬ್ರಷ್ ಮಾಡಿಸುತ್ತಿದ್ದಳು! ಬೆಳಿಗ್ಗೆ, ಸಂಜೆ, ದಿನಕ್ಕೆರಡು ಸಲ, ಒಂದು ದಿನವೂ ತಪ್ಪಿಸದೆ. ಸಂಜೆಯ ಬ್ರಷ್ ಏಳು ಗಂಟೆಗೆ, ಆಮೇಲೆ ಊಟ, ಆಮೇಲೆ ಹಾಲು. ಬ್ರಷ್ ಹಿಡಿಯುತ್ತಿದ್ದವನು ಎರಡು ವರ್ಷದ ಮಗ. ಅಂಗಡಿಯಲ್ಲಿ ಮಕ್ಕಳ ಪೇಸ್ಟ್ ಅಂತ ಕೊಟ್ಟ ಟ್ಯೂಬಿನಲ್ಲಿ ಫ್ಲೋರೈಡ್ ಇರಲಿಲ್ಲ. ಎಲ್ಲರೂ ಹೇಳುವ ಮಾತನ್ನು ಅವಳು ಅಕ್ಷರಶಃ ಪಾಲಿಸಿದ್ದಳು, ಆದರೂ ಹಲ್ಲು ಹೋಯಿತು. ‘ದಿನಕ್ಕೆರಡು ಸಲ’ ಅನ್ನುವುದು ಸುಳ್ಳಲ್ಲ. ಯಾವಾಗ, ಯಾರ ಕೈಯಲ್ಲಿ, ಯಾವುದರಿಂದ ಅಂತ ಹೇಳದಿದ್ದರೆ ಅದರಿಂದ ಪ್ರಯೋಜನವಿಲ್ಲ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಹಾಗಾಗಿ ನಮ್ಮ ಎರಡನೇ ಚಿತ್ರದಲ್ಲಿ ರಾತ್ರಿಯಿದೆ. ಊಟ, ಹಾಲು, ಔಷಧಿ ಎಲ್ಲ ಮುಗಿದ ಮೇಲೆ ಬ್ರಷ್. ಬ್ರಷ್ ಆದ ಮೇಲೆ ಬೆಳಗಿನವರೆಗೆ ನೀರು ಮಾತ್ರ. ಇದೊಂದು ಸಾಲು ಮನೆಯಲ್ಲಿ ನಡೆದರೆ ಉಳಿದ ಐದು ಚಿತ್ರಗಳನ್ನು ಯಾರೂ ನೋಡದಿದ್ದರೂ ನನಗೆ ಬೇಸರವಿಲ್ಲ.

ಹೇಳುವುದು ಸುಲಭ, ಅಭ್ಯಾಸವಾದ ಬಾಟ್ಲಿ ಒಂದೇ ರಾತ್ರಿಗೆ ಬಿಡುವುದಿಲ್ಲ ಅಂತ ನನಗೆ ಗೊತ್ತು. ಆ ಮನೆಯವರಿಗೆ ಹೀಗೆ ಹೇಳಿದೆ: ಮೊದಲು ಬೆಲ್ಲ ನಿಲ್ಲಿಸಿ. ನಾಲ್ಕು ದಿನ ಬಿಟ್ಟು ಕಾಲು ಭಾಗ ಹಾಲಿನ ಬದಲು ನೀರು ಬೆರೆಸಿ. ಮತ್ತೆ ನಾಲ್ಕು ದಿನಕ್ಕೆ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಬರೀ ನೀರು. ನೀರಿಗಾಗಿ ನಡುರಾತ್ರಿ ಏಳುವ ಮಕ್ಕಳು ಕಡಿಮೆ. ಹಾಲು ಬೇಕೇ ಬೇಕು, ಅದನ್ನು ಸಂಜೆ ಲೋಟದಲ್ಲಿ ಕೊಡಿ. ಎರಡು ವಾರ ಅಂದುಕೊಂಡಿದ್ದು ಅವರಿಗೆ ಮೂರು ವಾರ ಹಿಡಿಯಿತು, ನಡುವೆ ಎರಡು ರಾತ್ರಿ ಮನೆಯವರೆಲ್ಲ ಎದ್ದು ಕೂತಿದ್ದರಂತೆ. (ಎದೆಹಾಲು ಕುಡಿಸುವ ತಾಯಂದಿರು ಇದನ್ನು ಓದಿ ಗಾಬರಿಯಾಗಬೇಡಿ, ಎದೆಹಾಲು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ವರ್ಷ ತುಂಬಿ ಹಲ್ಲುಗಳು ಬಂದ ಮೇಲೆ ರಾತ್ರಿಯಿಡೀ ಬಾಯಲ್ಲೇ ಇಟ್ಟುಕೊಂಡು ಮಲಗುವುದನ್ನು ನಿಧಾನಕ್ಕೆ ಕಡಿಮೆ ಮಾಡಿದರೆ ಸಾಕು.)

ಪೇಸ್ಟಿನ ಚಿತ್ರಕ್ಕೆ ನಾವು ಬ್ರಷ್ ಪಕ್ಕದಲ್ಲಿ ನಿಜವಾದ ಒಂದು ಅಕ್ಕಿಕಾಳು ಇಟ್ಟು ಫೋಟೊ ತೆಗೆದೆವು. ಮೊದಲ ಹಲ್ಲು ಬಂದಾಗಿನಿಂದ ಮೂರು ವರ್ಷದವರೆಗೆ ಅಷ್ಟೇ ಸಾಕು. ಮೂರರಿಂದ ಆರರವರೆಗೆ ಒಂದು ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿಯಾಗಿ ಹಾಕುತ್ತಾರಲ್ಲ, ಅದನ್ನು ಮರೆತುಬಿಡಿ. ಟ್ಯೂಬಿನ ಹಿಂದೆ ಫ್ಲೋರೈಡ್ 1000 ಪಿಪಿಎಂ ಅಂತ ಇರಬೇಕು. ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಜನರ ಹಲ್ಲು, ಮೂಳೆ ಕೆಟ್ಟಿದ್ದನ್ನು ಪತ್ರಿಕೆಯಲ್ಲಿ ಓದಿದ ಅಪ್ಪಂದಿರು ಹೆದರಿ ಕೇಳುತ್ತಾರೆ: ಮಗು ನುಂಗಿಬಿಟ್ಟರೆ? ಸಾವಿರ ಪಿಪಿಎಂ ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ಗ್ರಾಮಿನ ಹತ್ತನೇ ಒಂದು ಭಾಗ. ಪೂರಾ ನುಂಗಿದರೂ ಒಳಗೆ ಹೋಗುವುದು 0.1 ಮಿಲಿಗ್ರಾಂ. ಅಲ್ಲಿ ತೊಂದರೆಯಾಗಿದ್ದು ವರ್ಷಗಟ್ಟಲೆ ಕುಡಿಯುವ ನೀರಿನಿಂದ. ಅಳತೆ ಮೀರಬಾರದು ಅನ್ನುವುದಕ್ಕೇ ಅಕ್ಕಿಕಾಳಿನ ಲೆಕ್ಕ ಇರುವುದು. ಟ್ಯೂಬ್ ಮಾತ್ರ ಮಗುವಿನ ಕೈಗೆ ಸಿಗದ ಹಾಗೆ ಮೇಲಿಡಿ. ಬ್ರಷ್ ಆದ ಮೇಲೆ ಉಗುಳಿಸಿದರೆ ಸಾಕು, ನೀರು ಹಾಕಿ ಗಳಗಳ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿದ ಆ ಚೂರು ಫ್ಲೋರೈಡೇ ರಾತ್ರಿ ಕೆಲಸ ಮಾಡುವುದು.

ಇನ್ನು ಬ್ರಷ್ ಹಿಡಿಯುವ ಕೈ. ಏಳೆಂಟು ವರ್ಷದವರೆಗೆ ಅದು ದೊಡ್ಡವರದ್ದೇ ಆಗಿರಬೇಕು. ಮಗು ತಾನೂ ಉಜ್ಜುತ್ತೇನೆ ಅಂದರೆ ಉಜ್ಜಲಿ, ಆಮೇಲೆ ನೀವು ಇನ್ನೊಮ್ಮೆ ಉಜ್ಜಿ. “ಬಾಯೇ ಬಿಡಲ್ಲ” ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಮೇಲ್ತುಟಿಯ ಒಳಗೆ ನಟ್ಟನಡುವೆ, ತುಟಿಗೂ ಒಸಡಿಗೂ ನಡುವೆ ಒಂದು ತೆಳು ಚರ್ಮದ ಪಟ್ಟಿ ಇರುತ್ತದೆ. ಬ್ರಷ್ ಅದಕ್ಕೆ ತಾಗಿದರೆ ಮಗುವಿಗೆ ಜೋರು ನೋವು. ಎರಡು ಸಲ ಹಾಗಾದರೆ ಮೂರನೇ ಸಲ ಬ್ರಷ್ ಕಂಡ ಕೂಡಲೇ ಬಾಯಿ ಮುಚ್ಚುತ್ತದೆ. ಮಗುವನ್ನು ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿಕೊಳ್ಳಿ. ಎಡಗೈ ತೋರುಬೆರಳಲ್ಲಿ ತುಟಿ ಎತ್ತಿ, ಬೆರಳಿನ ತುದಿಯನ್ನು ಆ ಪಟ್ಟಿಯ ಮೇಲೇ ಇಡಿ, ಆಗ ಬ್ರಷ್ ಅದಕ್ಕೆ ತಾಗುವುದಿಲ್ಲ. ಬ್ರಷ್ಷನ್ನು ಒಸಡು ಮತ್ತು ಹಲ್ಲು ಸೇರುವ ಜಾಗಕ್ಕೆ ಹಿಡಿದು ಸಣ್ಣಗೆ ಆಡಿಸಿ. ಹೀಗೆ ಮಾಡುವಾಗ ನೀವು ದಿನಾ ಆ ಹಲ್ಲುಗಳನ್ನು ಹತ್ತಿರದಿಂದ ನೋಡಿದ ಹಾಗೂ ಆಯಿತು. ಮೊದಲನೇ ಚಿತ್ರ ಹೇಳುತ್ತಿರುವುದು ಇದನ್ನೇ.

ಯಾಕೆಂದರೆ ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ, ಬೆಳ್ಳಗೆ. ಒಸಡಿನ ಅಂಚಿನಲ್ಲಿ ಮಂಕಾದ, ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಅಲ್ಲಿ ಹಲ್ಲು ಕರಗುತ್ತಿದೆ ಎಂದರ್ಥ, ಇನ್ನೂ ತೂತಾಗಿಲ್ಲ. ಹಲ್ಲನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಚೆನ್ನಾಗಿ ಕಾಣುತ್ತದೆ. ಆ ಹಂತದಲ್ಲಿ ಕೊರೆಯುವ ಕೆಲಸವಿಲ್ಲ, ಸೂಜಿಯೂ ಇಲ್ಲ. ಆ ಹುಡುಗನ ಪಕ್ಕದ ಎರಡು ಹಲ್ಲುಗಳಿಗೆ ನಾವು ಹಚ್ಚಿದ್ದು ಫ್ಲೋರೈಡ್ ವಾರ್ನಿಶ್ ಅಷ್ಟೇ, ಸಣ್ಣ ಕುಂಚದಲ್ಲಿ, ಒಂದೆರಡು ನಿಮಿಷದ ಕೆಲಸ. ಮೂರು ತಿಂಗಳ ನಂತರ ಬಂದಾಗ ಬಿಳಿ ಗೆರೆ ಹಾಗೇ ಇತ್ತು, ಆದರೆ ಮಂಕು ಹೋಗಿ ನುಣುಪಾಗಿ ಹೊಳೆಯುತ್ತಿತ್ತು. ಹೊಳಪು ಬಂತೆಂದರೆ ಕರಗುವುದು ನಿಂತಿದೆ ಎಂದು ಲೆಕ್ಕ. ಕಲೆ ಪೂರ್ತಿ ಮಾಯವಾಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ನಡುವಿನ ಎರಡಕ್ಕೆ ಅಷ್ಟು ಸಲೀಸಾಗಲಿಲ್ಲ. ಬೆಳ್ಳಿಯ ಅಂಶವಿರುವ ಒಂದು ದ್ರವ ಹಚ್ಚಿ ಹುಳುಕು ನಿಲ್ಲಿಸಿದೆವು. ಅದು ಹುಳುಕಾದ ಭಾಗವನ್ನು ಕಾಯಂ ಕಪ್ಪು ಮಾಡುತ್ತದೆ. ಹಚ್ಚುವ ಮುಂಚೆ ಹಾಗೆಂದು ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. “ಜನ ಎಂತ ಅಂತಾರೋ” ಅಂದಳು ಅಮ್ಮ. ಎರಡು ವರ್ಷದ ಮಗುವಿಗೆ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ಮಾಡುವುದಕ್ಕಿಂತ ಸದ್ಯಕ್ಕೆ ಇದು ವಾಸಿ, ದೊಡ್ಡವನಾದ ಮೇಲೆ ಮೇಲಿಂದ ಬೆಳ್ಳಗೆ ಮುಚ್ಚಬಹುದು ಅಂದೆ.

ಅಜ್ಜಿಯ ‘ಹೆಂಗೂ ಬೀಳ್ತವೆ’ಗೂ ಉತ್ತರ ಕೊಡಬೇಕಿತ್ತು. ಮುಂದಿನವು ಆರೇಳು ವರ್ಷಕ್ಕೆ ಬೀಳುವುದು ಹೌದು. ಹಿಂದಿನ ಹಾಲು ದವಡೆ ಹಲ್ಲುಗಳು ಬೀಳುವುದು ಒಂಬತ್ತರಿಂದ ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಮಗು ಕಡುಬು, ರೊಟ್ಟಿ ಅಗಿಯುವುದು ಅವುಗಳಲ್ಲೇ. ಕೆಳಗಿರುವ ಕಾಯಂ ಹಲ್ಲಿಗೆ ಜಾಗ ಹಿಡಿದಿಟ್ಟುಕೊಳ್ಳುವುದೂ ಅವೇ. ಬೇಗ ಕಿತ್ತರೆ ಪಕ್ಕದವು ಸರಿದು, ಬರುವ ಹಲ್ಲು ಸೊಟ್ಟಗಾಗುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಹಿಂದಿಂದೂ ನೋಡಿ ಡಾಕ್ಟ್ರೇ” ಅಂದರು.

ಕೊನೆಯ ಚಿತ್ರಕ್ಕೆ ತಂಗಿ ಮೊದಲು ಬರೆದಿದ್ದು ‘ಹುಳುಕು ಕಂಡರೆ ತಡಮಾಡದೆ ದಂತವೈದ್ಯರನ್ನು ಕಾಣಿ’ ಅಂತ. ಅದನ್ನು ತೆಗೆಸಿದೆ. ಹುಳುಕು ಕಂಡ ಮೇಲೆ ಬರುವ ಅಮ್ಮಂದಿರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು ಬರುತ್ತಾರೆ. ಬೈಯುತ್ತಾರೆ ಅನ್ನುವ ಅಂಜಿಕೆಗೇ ಎಷ್ಟೋ ಜನ ಆರು ತಿಂಗಳು ಮುಂದೂಡುತ್ತಾರೆ. ಈಗ ಅಲ್ಲಿರುವುದು ಇಷ್ಟು: ‘ಮೊದಲ ಹಲ್ಲು ಬಂತಾ? ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ ಬನ್ನಿ. ವರ್ಷ ದಾಟಿದ್ದರೂ ಪರವಾಗಿಲ್ಲ, ಬನ್ನಿ.’

ಆ ಭೇಟಿಯಲ್ಲಿ ಏನಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ದೊಡ್ಡ ಕುರ್ಚಿಯಲ್ಲಿ ಮಲಗಿಸುವುದಿಲ್ಲ. ನೀವು ನನ್ನೆದುರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂರುತ್ತೀರಿ. ಮಗು ನಿಮ್ಮ ಮುಖ ನೋಡಿಕೊಂಡು ನಿಮ್ಮ ತೊಡೆಯ ಮೇಲೆ ಕೂತು, ಹಿಂದಕ್ಕೆ ಒರಗಿ ನನ್ನ ತೊಡೆಯ ಮೇಲೆ ತಲೆಯಿಡುತ್ತದೆ. ಅದರ ಎರಡೂ ಕೈ ನಿಮ್ಮ ಕೈಯಲ್ಲಿರುತ್ತವೆ. ಅತ್ತರೆ ಅಳಲಿ, ಅಳುವಾಗ ಬಾಯಿ ಚೆನ್ನಾಗಿ ತೆರೆಯುತ್ತದೆ. ಒಂದು ಸಣ್ಣ ಕನ್ನಡಿ ಬಿಟ್ಟು ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ತುಟಿ ಎತ್ತಿ ನೋಡುತ್ತೇನೆ, ನಿಮಗೂ ತೋರಿಸುತ್ತೇನೆ.