ಹಣ ಹೊರಟಿದೆಯಂತೆ, ಫಾರಂ ಮಾತ್ರ ಮೇಜಿನ ಮೇಲಿದೆ

ರಾತ್ರಿ ಹನ್ನೆರಡಕ್ಕೆ ಎಗ್ ರೈಸ್ ಗಾಡಿಯವರಿಗೆ ಕಳಿಸಿದ ಅರವತ್ತು ರೂಪಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಲೀಸ್ ಮನೆ ಬಿಡುವಾಗ ಓನರ್ ವಾಪಸ್ ಕೊಡುವ ಆರು ಲಕ್ಷ ಮಾತ್ರ ಶುಕ್ರವಾರ ಸಂಜೆ ಹೊರಟು ಸೋಮವಾರ ಬರುತ್ತದೆ. ದಾರಿಯಲ್ಲಿ ಧರ್ಮಸ್ಥಳಕ್ಕೇನಾದರೂ ಹೋಗಿ ಬರುತ್ತದೋ ಏನೋ!

ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಸಾಗಿಸುವ ಆರ್‌ಟಿಜಿಎಸ್ ಅನ್ನು ಬೈಯುವಂತಿಲ್ಲ. 2020ರ ಡಿಸೆಂಬರ್ 14ರಿಂದ ಅದಕ್ಕೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ನೆಫ್ಟ್ ಅದಕ್ಕೂ ಒಂದು ವರ್ಷ ಮೊದಲೇ ರಜೆ ಬಿಟ್ಟು, ಅರ್ಧ ಗಂಟೆಗೊಂದು ಬ್ಯಾಚ್‌ನಂತೆ ಹಗಲೂ ರಾತ್ರಿ ಓಡುತ್ತಿದೆ. ನಿದ್ದೆ ಮಾಡುವುದು, ಊಟಕ್ಕೆ ಹೋಗುವುದು, ನಾಲ್ಕಕ್ಕೆ ಶಟರ್ ಎಳೆಯುವುದು ಎಲ್ಲ ಕೌಂಟರ್‌ನ ಕೆಲಸ. ಓನರ್ ಅಂಕಲ್ ನಂಬುವುದೂ ಕೌಂಟರನ್ನೇ.

ಉದಾಹರಣೆಗೆ, 2026ರ ಫೆಬ್ರವರಿ 13, ಶುಕ್ರವಾರ. ಬಾಡಿಗೆದಾರರು ಶನಿವಾರ ಹೊಸ ಮನೆಗೆ ದುಡ್ಡು ಕೊಡಬೇಕು, ಭಾನುವಾರಕ್ಕೆ ಲಾರಿ ಹೇಳಿದ್ದಾರೆ. ಅಂಕಲ್ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಚೆಕ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನೊಳಗೆ, ಆ ಕವರನ್ನು ಬಟ್ಟೆ ಚೀಲದೊಳಗೆ ಇಟ್ಟುಕೊಂಡು ಮೂರು ನಲವತ್ತಕ್ಕೆ ಶಾಖೆ ತಲುಪುತ್ತಾರೆ. ಫಾರಂ ತುಂಬುವುದು ಅವರ ಪಾಲಿಗೆ ಸತ್ಯನಾರಾಯಣ ಪೂಜೆಯಷ್ಟೇ ವಿಧಿವತ್ತಾದ ಕೆಲಸ. ಮೊದಲು ದಾರ ಕಟ್ಟಿದ ಪೆನ್ನು ಬರೆಯುತ್ತದೆಯೇ ಎಂದು ಅಂಗೈ ಮೇಲೆ ಗೀಚಿ ನೋಡಬೇಕು. ದಾರ ಫಾರಂವರೆಗೆ ಎಟುಕದಿದ್ದರೆ ಫಾರಂ ಅನ್ನೇ ಪೆನ್ನಿನ ಹತ್ತಿರ ಎಳೆದುಕೊಳ್ಳಬೇಕು. ಅಕೌಂಟ್ ನಂಬರನ್ನು ಜೋರಾಗಿ ಓದುತ್ತಾ ಬರೆಯಬೇಕು. ಸಾಲಿನಲ್ಲಿರುವ ಅಷ್ಟೂ ಜನಕ್ಕೆ ಅದು ಬಾಯಿಪಾಠವಾಗಬೇಕು. ಕೊನೆಗೆ ಐಎಫ್‌ಎಸ್‌ಸಿ ಕೋಡ್. ಹನ್ನೊಂದು ಅಕ್ಷರದ ಆ ಕೋಡಿನಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಂಕಲ್ ಅಲ್ಲಿ ಇಂಗ್ಲಿಷಿನ ‘ಓ’ ಬರೆದು, ಸೊನ್ನೆ ಎಂದು ಯಾರೂ ತಪ್ಪು ತಿಳಿಯದಿರಲಿ ಅಂತ ಅದಕ್ಕೊಂದು ಚಂದದ ಬಾಲ ಎಳೆಯುತ್ತಾರೆ. ಕೌಂಟರಿನ ಮೇಡಂ ಹೊಸ ಫಾರಂ ಕೊಡುತ್ತಾರೆ. ಮತ್ತೆ ಪೆನ್ನು, ಮತ್ತೆ ಅಂಗೈ.

ಎರಡನೇ ಫಾರಂ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ ಐದು ನಿಮಿಷ. ಎಷ್ಟೋ ಶಾಖೆಗಳಲ್ಲಿ ಆರ್‌ಟಿಜಿಎಸ್ ಫಾರಂ ತೆಗೆದುಕೊಳ್ಳುವುದು ಅದಕ್ಕೂ ಮೊದಲೇ ನಿಲ್ಲುತ್ತದೆ. ಹಿರಿಯರು ಅನ್ನೋ ಮರ್ಯಾದೆಗೆ ಮೇಡಂ ಫಾರಂ ಇಟ್ಟುಕೊಂಡು, ಚೀಟಿಯ ತುಂಡಿಗೆ ಸೀಲ್ ಒತ್ತಿ ಕೊಡುತ್ತಾರೆ.

ಎಡವಟ್ಟಾಗುವುದು ಆ ಸೀಲಿನಿಂದಲೇ. ಅದರ ಅರ್ಥ ಫಾರಂ ತಗೊಂಡಿದ್ದೇವೆ ಅಂತ. ಹಣ ಕಳಿಸಿದ್ದೇವೆ ಅಂತ ಅಲ್ಲ. ಫಾರಂ ಹಣವಾಗಬೇಕಾದರೆ ಒಬ್ಬರು ಅದನ್ನು ಕಂಪ್ಯೂಟರಿಗೆ ಹಾಕಬೇಕು, ಇನ್ನೊಬ್ಬ ಅಧಿಕಾರಿ ಚೆಕ್ಕಿನ ಸಹಿ ನೋಡಿ ಪಾಸ್ ಮಾಡಬೇಕು. ಆ ಇನ್ನೊಬ್ಬರು ಮೇಜು ಬಿಟ್ಟು ಎದ್ದರೆಂದರೆ ಫಾರಂ ಟ್ರೇಯಲ್ಲೇ ಮಲಗುತ್ತದೆ. ಮರುದಿನ ಎರಡನೇ ಶನಿವಾರ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಭಾನುವಾರ ಶಿವರಾತ್ರಿ. ಅಂಕಲ್ ಶಿವನಿಗಾಗಿ ಜಾಗರಣೆ ಮಾಡಿದರೆ, ಬಾಡಿಗೆದಾರರು ಎಸ್ಸೆಮ್ಮೆಸ್ಸಿಗಾಗಿ.

“ಅಂಕಲ್, ಇನ್ನೂ ಬಂದಿಲ್ಲ.”

“ಏನಪ್ಪಾ ಹೀಗಂತೀಯ, ಸೀಲ್ ಹಾಕ್ಕೊಟ್ಟಿದಾರೆ!”

ಇಂಥ ಹೊತ್ತಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ. ಅಂಕಲ್ ಖಾತೆಯಿಂದ ಹಣ ಕಡಿತವಾಗಿದೆಯಾ? ಹಣ ಹೊರಟಿದ್ದಕ್ಕೆ ಗುರುತಾದ ಯುಟಿಆರ್ ನಂಬರ್ ಬಂದಿದೆಯಾ? ಎರಡಕ್ಕೂ ಇಲ್ಲ ಅಂತಾದರೆ ಹಣ ಇನ್ನೂ ಮನೆ ಬಿಟ್ಟಿಲ್ಲ. ಪಡೆಯುವವರ ಬ್ಯಾಂಕಿಗೆ ಫೋನ್ ಮಾಡಿ ರೇಗಿದರೆ ಗಂಟಲು ನೋಯುತ್ತದೆ ಅಷ್ಟೇ. ಹೊರಟ ಮೇಲೆ ತಡವಿಲ್ಲ: ಸಂದೇಶ ತಲುಪಿದ ಮೂವತ್ತು ನಿಮಿಷದೊಳಗೆ ಆ ಕಡೆಯ ಬ್ಯಾಂಕು ಖಾತೆಗೆ ಜಮಾ ಮಾಡಬೇಕು.

ಮೊಬೈಲಿನಲ್ಲಿ ಅಂಕಲ್ ತಾವೇ ಕಳಿಸಿದ್ದರೆ ಶನಿವಾರವೂ ಹೋಗುತ್ತಿತ್ತು. ಆದರೆ ಸುರಕ್ಷತೆಗೆ ಅಂತ ಹಲವು ಬ್ಯಾಂಕುಗಳು ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಬಿಡುವುದಿಲ್ಲ. ಬುಧವಾರವೇ ಹೆಸರು ಸೇರಿಸಿ, ಒಂದು ರೂಪಾಯಿ ಕಳಿಸಿ ನೋಡಬೇಕು. ಅಂಕಲ್ಲಿಗೆ ಇದನ್ನು ಹೇಳಿಕೊಡಲು ಹೋದವರು ಅವರ ಫೋನಿನ ‘ಗುಡ್ ಮಾರ್ನಿಂಗ್’ ಫೋಟೋಗಳನ್ನೆಲ್ಲ ಅಳಿಸಿ ವಾಪಸ್ ಬಂದಿರುತ್ತಾರೆ. ಕೌಂಟರೇ ಗತಿ ಎಂದರೆ ಗುರುವಾರ, ಊಟಕ್ಕೆ ಮೊದಲು. ನಿದ್ದೆ ಆಮೇಲೆ.

ಅಂಕಲ್ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಮನಸ್ಸು ಬರುವುದಿಲ್ಲ. ಒಂದು ಕಾಲದಲ್ಲಿ ಬ್ಯಾಂಕಿನಲ್ಲಿ ಅವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಮಗಳ ಮದುವೆ ಯಾವಾಗ ಅಂತ ಕೇಳುತ್ತಿದ್ದರು. ಆ್ಯಪ್ ಕೇಳುವುದು ಓಟಿಪಿ ಮಾತ್ರ.

ಸೋಮವಾರ ಹನ್ನೊಂದರ ಸುಮಾರಿಗೆ ಆರು ಲಕ್ಷ ಜಮಾ ಆಗುತ್ತದೆ. “ಶುಕ್ರವಾರವೇ ಕಳಿಸಿದ್ನಲ್ಲಪ್ಪಾ, ನಿಮ್ ಬ್ಯಾಂಕೇ ಸರಿ ಇಲ್ಲ” ಅನ್ನುತ್ತಾರೆ ಅಂಕಲ್. ಆರ್‌ಟಿಜಿಎಸ್‌ನ ಯುಟಿಆರ್‌ನಲ್ಲಿ ಇಪ್ಪತ್ತೆರಡು ಅಕ್ಷರ. ಏಳನೆಯದರಿಂದ ಎಂಟು ಅಂಕಿ ಹಣ ಹೊರಟ ದಿನಾಂಕ. ಅಲ್ಲಿ 20260216 ಅಂತಿರುತ್ತದೆ. ತೋರಿಸೋಣವೆಂದರೆ ಅಂಕಲ್ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.